ಕಟ್ಟಿಗೊಂದು ಕಡ್ಡಿ ಎಳೆದರೆ 9ರ ನಿಯಮ ಕಾಣುತ್ತದೆ

ಪ್ರಶ್ನೆ: ಒಂದು ಸಂಖ್ಯೆಯ ಅಂಕಿಗಳನ್ನು ಕೂಡಿದಾಗ 9ರ ಮಗ್ಗಿಯ ಸಂಖ್ಯೆ ಬಂದರೆ ಅದು 9ರಿಂದ ಭಾಗವಾಗುತ್ತೆ, ಬರದಿದ್ದರೆ ಆಗಲ್ಲ ಅಂತ ಶಾಲೆಯಲ್ಲಿ ಕಲಿತಿದ್ದೆ. ಈಗ ಮಗಳು ‘ಯಾಕೆ?’ ಅಂತ ಕೇಳ್ತಿದ್ದಾಳೆ. ಹತ್ತಾರು ಸಂಖ್ಯೆ ಹಾಕಿ ತೋರಿಸಿದೆ, ಅವಳಿಗೆ ಸಮಾಧಾನ ಇಲ್ಲ. ಎಲ್ಲೋ ಒಂದು ದೊಡ್ಡ ಸಂಖ್ಯೆಯಲ್ಲಿ ಇದು ತಪ್ಪೋದಿಲ್ಲ ಅಂತ ಹೇಗೆ ಹೇಳೋದು? ಮತ್ತೆ, 7ಕ್ಕೆ ಯಾಕೆ ಹೀಗೆ ಆಗಲ್ಲ?

ಉತ್ತರ: ಮಗಳಿಗೆ ಸಮಾಧಾನ ಆಗದಿದ್ದದ್ದು ಸರಿಯಾಗಿಯೇ ಇದೆ. ಹತ್ತು ಸಂಖ್ಯೆ ಹಾಕಿ ನೋಡಿದರೆ ಆ ಹತ್ತು ಸಂಖ್ಯೆಗಳ ವಿಷಯ ಗೊತ್ತಾಗುತ್ತದೆ, ಹನ್ನೊಂದನೆಯದರ ವಿಷಯ ಗೊತ್ತಾಗುವುದಿಲ್ಲ. ಹಾಗಾಗಿ ಒಂದೇ ಒಂದು ಸಂಖ್ಯೆ ತೆಗೆದುಕೊಳ್ಳೋಣ, ಆದರೆ ಅದರ ಹೊಟ್ಟೆಯೊಳಗೆ ಏನಿದೆ ಅಂತ ಬಿಚ್ಚಿ ನೋಡೋಣ.

3,852 ಕಡ್ಡಿಗಳಿವೆ ಅಂದುಕೊಳ್ಳಿ. ಎಣಿಸಲು ಸುಲಭವಾಗಲಿ ಅಂತ ಕಟ್ಟು ಕಟ್ಟಿದ್ದೇವೆ. ಸಾವಿರ ಕಡ್ಡಿಗಳ ಕಟ್ಟು ಮೂರು, ನೂರರ ಕಟ್ಟು ಎಂಟು, ಹತ್ತರ ಕಟ್ಟು ಐದು, ಕಟ್ಟಿಗೆ ಸೇರದ ಬಿಡಿ ಕಡ್ಡಿ ಎರಡು. 3,852 ಅಂತ ಬರೆಯುವುದೆಂದರೆ ಇಷ್ಟೇ. ಅಂಕಿಗಳು ಹೇಳುವುದು ಯಾವ ಅಳತೆಯ ಕಟ್ಟು ಎಷ್ಟಿವೆ ಎಂಬುದನ್ನು. ಇಷ್ಟು ಮನಸ್ಸಿನಲ್ಲಿ ನಿಂತರೆ ಮುಂದಿನದು ತಾನಾಗಿ ಬರುತ್ತದೆ.

ಈಗ ಈ ಕಡ್ಡಿಗಳನ್ನು ಒಂಬತ್ತು ಜನರಿಗೆ ಸಮನಾಗಿ ಹಂಚಬೇಕು. 9ರಿಂದ ಭಾಗವಾಗುತ್ತಾ ಅಂತ ಕೇಳುವುದೂ, ಹಂಚಿದಾಗ ಏನೂ ಉಳಿಯುವುದಿಲ್ವಾ ಅಂತ ಕೇಳುವುದೂ ಒಂದೇ.

ಹಂಚುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಪ್ರತಿ ಕಟ್ಟಿನಿಂದಲೂ ಒಂದೇ ಒಂದು ಕಡ್ಡಿ ಎಳೆದು ಪಕ್ಕಕ್ಕೆ ಇಡಿ. ಕಟ್ಟು ದೊಡ್ಡದಿರಲಿ ಚಿಕ್ಕದಿರಲಿ, ಒಂದೇ ಕಡ್ಡಿ. ಆಗ ಸಾವಿರದ ಕಟ್ಟಿನಲ್ಲಿ 999 ಉಳಿಯುತ್ತವೆ, ನೂರರ ಕಟ್ಟಿನಲ್ಲಿ 99, ಹತ್ತರ ಕಟ್ಟಿನಲ್ಲಿ 9. ಈ ಮೂರನ್ನೂ ಒಂಬತ್ತು ಜನರಿಗೆ ಹಂಚುವುದು ಕಷ್ಟವೇ ಅಲ್ಲ. 999ರಲ್ಲಿ ಒಬ್ಬೊಬ್ಬರಿಗೆ 111, 99ರಲ್ಲಿ 11, 9ರಲ್ಲಿ 1. ಏನೂ ಮಿಗುವುದಿಲ್ಲ.

ಅಂದರೆ ಎಲ್ಲ ಕಟ್ಟುಗಳೂ ಖರ್ಚಾಗಿ ಹೋದವು. ಇನ್ನು ಉಳಿದದ್ದು ಪಕ್ಕಕ್ಕೆ ಇಟ್ಟ ಕಡ್ಡಿಗಳು ಮಾತ್ರ. ಅವು ಎಷ್ಟು? ಸಾವಿರದ ಕಟ್ಟು ಮೂರಿದ್ದವು, ಅಲ್ಲಿಂದ 3 ಕಡ್ಡಿ ಬಂತು. ನೂರರ ಕಟ್ಟುಗಳಿಂದ 8 ಬಂತು. ಹತ್ತರ ಕಟ್ಟುಗಳಿಂದ 5. ಬಿಡಿಯಾಗಿ ಮೊದಲೇ 2 ಇದ್ದವು. ಒಟ್ಟು 3 + 8 + 5 + 2 = 18. ಇದೇ ಅಲ್ವಾ ನೀವು ಶಾಲೆಯಲ್ಲಿ ಕೂಡುತ್ತಿದ್ದ ಮೊತ್ತ?

ಅಂಕಿಗಳನ್ನು ಕೂಡುವುದು ವಿಚಿತ್ರ ಕೆಲಸದ ಹಾಗೆ ಕಾಣುತ್ತದೆ. ಸಾವಿರದ ಸ್ಥಾನದ 3ನ್ನೂ ಬಿಡಿ ಸ್ಥಾನದ 2ನ್ನೂ ಒಂದೇ ತೂಕದವು ಅನ್ನುವ ಹಾಗೆ ಕೂಡುತ್ತೇವೆ. 3 ಅಂದರೆ ಅಲ್ಲಿ ಮೂರು ಸಾವಿರ, 2 ಅಂದರೆ ಬರೀ ಎರಡು, ಇವೆರಡನ್ನು ಒಟ್ಟಿಗೆ ಹೇಗೆ ಕೂಡುವುದು ಅಂತ ಚುರುಕಾದ ಮಕ್ಕಳಿಗೆ ಅನುಮಾನ ಬಂದೇ ಬರುತ್ತದೆ. ಕಡ್ಡಿ ಎಳೆದು ನೋಡಿದಾಗ ಆ ಅನುಮಾನ ಹೋಗುತ್ತದೆ. ನಾವು ಕೂಡುತ್ತಿರುವುದು ಕಟ್ಟುಗಳನ್ನಲ್ಲ, ಕಟ್ಟಿಗೊಂದರಂತೆ ಹೊರಬಂದ ಕಡ್ಡಿಗಳನ್ನು. ಹೊರಬಂದ ಮೇಲೆ ಎಲ್ಲ ಕಡ್ಡಿಯೂ ಒಂದೇ.

ಬೀಜಗಣಿತದಲ್ಲಿ ಬರೆದರೆ ಒಂದೇ ಸಾಲು. ನಾಲ್ಕು ಅಂಕಿಗಳ ಸಂಖ್ಯೆಯಲ್ಲಿ ಅಂಕಿಗಳು a, b, c, d ಆಗಿದ್ದರೆ,

1000a + 100b + 10c + d = (999a + 99b + 9c) + (a + b + c + d)

ಮೊದಲ ಆವರಣದಲ್ಲಿರುವುದು ಕಟ್ಟುಗಳು, ಎರಡನೆಯದರಲ್ಲಿರುವುದು ಪಕ್ಕಕ್ಕೆ ಇಟ್ಟ ಕಡ್ಡಿಗಳು. ಸಂಖ್ಯೆಯಲ್ಲಿ ನಾಲ್ಕರ ಬದಲು ನಲವತ್ತು ಅಂಕಿಗಳಿದ್ದರೂ ಮೊದಲ ಆವರಣದಲ್ಲಿ ಬರುವುದು 9999, 99999 ಹೀಗೆ ಬರೀ ಒಂಬತ್ತುಗಳ ಸಾಲು. ಒಂಬತ್ತುಗಳ ಸಾಲು ಎಷ್ಟೇ ಉದ್ದ ಇರಲಿ, ಅದು 9ರಿಂದ ಭಾಗವಾಗಲೇಬೇಕು, ಭಾಗಿಸಿದರೆ ಅಷ್ಟೇ ಉದ್ದದ ಒಂದುಗಳ ಸಾಲು ಬರುತ್ತದೆ. ‘ಎಲ್ಲೋ ಒಂದು ದೊಡ್ಡ ಸಂಖ್ಯೆ’ಯ ಭಯಕ್ಕೆ ಉತ್ತರ ಇಲ್ಲಿದೆ. ನಿಯಮ ತಪ್ಪಬೇಕಾದರೆ 99…9 ಎಂಬ ಯಾವುದೋ ಒಂದು ಸಾಲು 9ರಿಂದ ಭಾಗವಾಗದೆ ಉಳಿಯಬೇಕು. ಅದು ಸಾಧ್ಯವಿಲ್ಲ. ನಡುವೆ ಸೊನ್ನೆ ಬಂದರೆ? ಆ ಅಳತೆಯ ಕಟ್ಟೇ ಇಲ್ಲ, ಎಳೆಯಲು ಕಡ್ಡಿಯೂ ಇಲ್ಲ, ಅಷ್ಟೇ.

ಈಗ ನಿಮ್ಮ ಪ್ರಶ್ನೆಯ ಎರಡನೇ ಅರ್ಧಕ್ಕೆ ಬರುತ್ತೇನೆ, ‘ಬರದಿದ್ದರೆ ಆಗಲ್ಲ’ ಅನ್ನುವ ಭಾಗಕ್ಕೆ. ಇದನ್ನು ಜಾಸ್ತಿ ಜನ ಗಮನಿಸುವುದೇ ಇಲ್ಲ. ನಿಯಮದಲ್ಲಿ ಎರಡು ಮಾತುಗಳಿವೆ. ಮೊತ್ತ 9ರ ಮಗ್ಗಿಯಲ್ಲಿದ್ದರೆ ಸಂಖ್ಯೆ ಭಾಗವಾಗುತ್ತದೆ, ಇದು ಒಂದು. ಇಲ್ಲದಿದ್ದರೆ ಆಗುವುದಿಲ್ಲ, ಇದು ಇನ್ನೊಂದು. ಒಂದು ನಿಜವಾದ ಮಾತ್ರಕ್ಕೆ ಇನ್ನೊಂದು ನಿಜವಾಗಬೇಕಿಲ್ಲ. ಕೊನೆಯ ಅಂಕಿ 0 ಆಗಿದ್ದರೆ ಸಂಖ್ಯೆ 5ರಿಂದ ಭಾಗವಾಗುತ್ತದೆ, ಇದು ಖಂಡಿತ ನಿಜ. ಹಾಗಂತ 0 ಇಲ್ಲದಿದ್ದರೆ ಭಾಗವಾಗಲ್ಲ ಅಂದರೆ 35 ಎದ್ದು ನಿಂತು ಜಗಳ ಮಾಡುತ್ತದೆ.

9ರ ವಿಷಯದಲ್ಲಿ ಎರಡೂ ಮಾತು ನಿಜವಾಗುವುದಕ್ಕೆ ಕಾರಣ ಕಟ್ಟುಗಳ ಗುಂಪಿನಲ್ಲಿ ಏನೂ ಮಿಗದೇ ಇರುವುದು. ಪಕ್ಕಕ್ಕೆ ಇಟ್ಟ ಕಡ್ಡಿಗಳನ್ನು ಹಂಚಿದಾಗ 4 ಮಿಕ್ಕಿತು ಅಂದುಕೊಳ್ಳಿ. ಆ ನಾಲ್ಕಕ್ಕೆ ಇನ್ನೈದು ಸೇರಿದರೆ ಒಂಬತ್ತಾಗಿ ಹಂಚಿಹೋಗುತ್ತಿತ್ತು. ಆದರೆ ಆ ಐದು ಬರುವುದು ಎಲ್ಲಿಂದ? ಕಟ್ಟುಗಳ ಕಡೆಯಿಂದ ಒಂದು ಕಡ್ಡಿಯೂ ಮಿಕ್ಕಿಲ್ಲ. ಹಾಗಾಗಿ ಮಿಕ್ಕ ನಾಲ್ಕು ಮಿಕ್ಕೇ ಇರುತ್ತದೆ, ಅದೇ ಇಡೀ ಸಂಖ್ಯೆಯ ಶೇಷ. 3,856 ತೆಗೆದುಕೊಳ್ಳಿ. ಅಂಕಿಗಳ ಮೊತ್ತ 22. ಇಪ್ಪತ್ತೆರಡನ್ನು ಒಂಬತ್ತು ಜನರಿಗೆ ಹಂಚಿದರೆ ತಲಾ 2, ಮಿಗುವುದು 4. ಇಡೀ 3,856ನ್ನು ಭಾಗಿಸಿ ನೋಡಿ, ಭಾಗಲಬ್ಧ 428, ಶೇಷ ಅದೇ 4.

ಶಾಲೆಯಲ್ಲಿ ನಿಯಮವನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ ಅನ್ನುವುದು ನನ್ನ ತಕರಾರು. ಭಾಗವಾಗುತ್ತೋ ಇಲ್ಲವೋ ಅನ್ನುವುದು ಇದರ ಒಂದು ತುಣುಕು ಮಾತ್ರ. ಪೂರ್ತಿ ಮಾತು ಹೀಗಿದೆ: ಒಂದು ಸಂಖ್ಯೆಯನ್ನು 9ರಿಂದ ಭಾಗಿಸಿದಾಗ ಬರುವ ಶೇಷವೂ, ಅದರ ಅಂಕಿಗಳ ಮೊತ್ತವನ್ನು 9ರಿಂದ ಭಾಗಿಸಿದಾಗ ಬರುವ ಶೇಷವೂ ಯಾವಾಗಲೂ ಒಂದೇ. ಶೇಷ ಸೊನ್ನೆ ಬಂದರೆ ನೀವು ಕಲಿತ ನಿಯಮ. ಬೇರೆ ಏನಾದರೂ ಬಂದರೆ, ಎಷ್ಟು ಮಿಕ್ಕಿತು ಅನ್ನುವುದೂ ಭಾಗಾಕಾರ ಮಾಡದೆಯೇ ಗೊತ್ತಾಗುತ್ತದೆ.

ಮಗಳು ಕಡ್ಡಿಗಳಿಗೂ ಒಪ್ಪದಿದ್ದರೆ ಇನ್ನೊಂದು ದಾರಿ ಇದೆ, ನನಗಂತೂ ಇದು ಇನ್ನೂ ಇಷ್ಟ. ಸುಮ್ನೆ ಎಣಿಸಿಕೊಂಡು ಹೋಗಿ. ಸಂಖ್ಯೆ ಒಂದೊಂದೇ ಹೆಚ್ಚುತ್ತಾ ಹೋದಾಗ ಅಂಕಿಗಳ ಮೊತ್ತಕ್ಕೆ ಏನಾಗುತ್ತದೆ ನೋಡಿ. 3,852ರಿಂದ 3,853ಕ್ಕೆ ಹೋದರೆ ಮೊತ್ತ 18ರಿಂದ 19 ಆಗುತ್ತದೆ. ಸಂಖ್ಯೆಯೂ ಒಂದು ಹೆಜ್ಜೆ, ಮೊತ್ತವೂ ಒಂದು ಹೆಜ್ಜೆ. ಹೀಗೇ 3,859ರವರೆಗೆ ಇಬ್ಬರೂ ಜೊತೆಯಲ್ಲೇ ನಡೆಯುತ್ತಾರೆ, ಅಲ್ಲಿ ಮೊತ್ತ 25. ಮುಂದಿನ ಹೆಜ್ಜೆ 3,860. ಇಲ್ಲಿ ಬಿಡಿ ಸ್ಥಾನದ 9 ಸೊನ್ನೆಯಾಯಿತು, ದಶಕ ಒಂದು ಪಕ್ಕದ ಮನೆಗೆ ಹೋಯಿತು. ಮೊತ್ತ 25ರಿಂದ 17ಕ್ಕೆ ಇಳಿಯಿತು. ಯಾಕೆಂದರೆ ಪಕ್ಕದ ಮನೆಯಲ್ಲಿ ಒಂದು ಹೆಚ್ಚಿತು, ಇಲ್ಲಿ ಒಂಬತ್ತು ಹೋಯಿತು. ಅಂದರೆ ಎಂದಿನಂತೆ ಒಂದು ಹೆಜ್ಜೆ ಮುಂದೆ, ಜೊತೆಗೆ ಒಂಬತ್ತು ಹಿಂದೆ.

3,999ರಿಂದ 4,000ಕ್ಕೆ ಹೋಗುವಾಗ ಮೂರು ಒಂಬತ್ತು ಒಟ್ಟಿಗೆ ಸೊನ್ನೆಯಾಗುತ್ತವೆ. ಮೊತ್ತ 30ರಿಂದ 4ಕ್ಕೆ ಬೀಳುತ್ತದೆ. ಒಂದು ಮುಂದೆ, 27 ಹಿಂದೆ. ಬಿದ್ದದ್ದು ಎಷ್ಟೇ ಇರಲಿ, ಬೀಳುವುದು ಒಂಬತ್ತು ಒಂಬತ್ತಾಗಿಯೇ. 9ರಿಂದ ಭಾಗಿಸಿ ಶೇಷ ನೋಡುವವನ ಕಣ್ಣಿಗೆ ಒಂಬತ್ತು ಹೋದರೂ ಒಂದೇ, ಇದ್ದರೂ ಒಂದೇ. ಹಾಗಾಗಿ ಅವನ ಲೆಕ್ಕದಲ್ಲಿ ಸಂಖ್ಯೆ ಮತ್ತು ಮೊತ್ತ ಸೊನ್ನೆಯಿಂದ ಹೊರಟು ಎಂದೂ ಜೊತೆ ತಪ್ಪುವುದಿಲ್ಲ. ಕಡ್ಡಿ ಬಿಚ್ಚುವಾಗ ಇಡೀ ಸಂಖ್ಯೆಯನ್ನು ಒಂದೇ ಸಲ ನೋಡಿದೆವು, ಇಲ್ಲಿ ಅದೇ ವಿಷಯ ಒಂದೊಂದೇ ಹೆಜ್ಜೆಯಾಗಿ ಕಾಣುತ್ತದೆ.

ಒಂಬತ್ತು ಇದ್ದರೂ ಒಂದೇ ಹೋದರೂ ಒಂದೇ ಅಂದಮೇಲೆ ಕೂಡುವ ಶ್ರಮವೂ ಕಡಿಮೆಯಾಗುತ್ತದೆ. 6,83,19,472 ಎಂಬ ಸಂಖ್ಯೆ ಇದೆ ಅನ್ನಿ. ಎಲ್ಲ ಕೂಡಿಕೊಂಡು ಹೋಗಬೇಡಿ. ಮೊದಲು 9ನ್ನು ಹೊಡೆದು ಹಾಕಿ. 8 ಮತ್ತು 1 ಸೇರಿದರೆ ಒಂಬತ್ತು, ಅವೆರಡನ್ನೂ ಹೊಡೆದು ಹಾಕಿ. 6 ಮತ್ತು 3, 7 ಮತ್ತು 2, ಇವೂ ಹೋದವು. ಉಳಿದದ್ದು 4 ಒಂದೇ. ಏಳು ಕೋಟಿ ಮುಟ್ಟಲು ಹೊರಟಿದ್ದ ಸಂಖ್ಯೆಯನ್ನು 9ರಿಂದ ಭಾಗಿಸಿದರೆ ಶೇಷ 4 ಅಂತ ಪೆನ್ಸಿಲ್ ತುದಿಯಲ್ಲೇ ಗೊತ್ತಾಯಿತು. ಪೂರ್ತಿ ಕೂಡಿದ್ದರೆ 40 ಬರುತ್ತಿತ್ತು, ಆ ನಲವತ್ತರ ಅಂಕಿಗಳನ್ನು ಮತ್ತೆ ಕೂಡಿದರೆ ಅದೇ 4. ಒಂದು ಎಚ್ಚರಿಕೆ ಮಾತ್ರ ಬೇಕು. ಕೂಡುತ್ತಾ ಕೂಡುತ್ತಾ ಕೊನೆಗೆ 9 ಉಳಿದರೆ ಶೇಷ 9 ಅಂತ ಬರೆಯಬೇಡಿ. ಅದೂ ಹಂಚಿಹೋಗುತ್ತದೆ, ಶೇಷ ಸೊನ್ನೆ.

ಹೀಗೆ ಒಂಬತ್ತುಗಳನ್ನು ಹೊಡೆದು ಹಾಕಿ ಲೆಕ್ಕ ಸರಿಯಿದೆಯೇ ಎಂದು ನೋಡುವ ಅಭ್ಯಾಸ ಬಹಳ ಹಳೆಯದು. 1202ರಲ್ಲಿ ಫಿಬೊನಾಚಿ ಬರೆದ ಲೆಕ್ಕದ ಪುಸ್ತಕದಲ್ಲೂ ಇದು ಇದೆ. 427 × 386 ಮಾಡಿ 1,64,822 ಅಂತ ಉತ್ತರ ಬಂತು ಅನ್ನಿ. 427ರ ಅಂಕಿಗಳ ಮೊತ್ತ 13, ಅದರಿಂದ 4. 386ರ ಮೊತ್ತ 17, ಅದರಿಂದ 8. ನಾಲ್ಕೆಂಟ್ಲ ಮೂವತ್ತೆರಡು, ಅದರಿಂದ 5. ಉತ್ತರದ ಅಂಕಿಗಳ ಮೊತ್ತ 23, ಅದರಿಂದಲೂ 5. ತಾಳೆಯಾಯಿತು. ಗುಣಿಸಿದಾಗಲೂ ಇದು ನಡೆಯುವುದಕ್ಕೆ ಕಾರಣ ಸುಲಭ. 427 ಅಂದರೆ ಒಂದಿಷ್ಟು ಒಂಬತ್ತುಗಳು ಮತ್ತು 4. 386 ಅಂದರೆ ಒಂದಿಷ್ಟು ಒಂಬತ್ತುಗಳು ಮತ್ತು 8. ಬಿಡಿಸಿ ಗುಣಿಸಿದರೆ ನಾಲ್ಕು ತುಂಡುಗಳು ಬರುತ್ತವೆ, ಅದರಲ್ಲಿ ಮೂರರಲ್ಲಿ ಒಂಬತ್ತು ಎಲ್ಲಾದರೂ ಇದ್ದೇ ಇರುತ್ತದೆ. ಒಂಬತ್ತಿಲ್ಲದ ತುಂಡು ಒಂದೇ, 4 × 8.

ಆದರೆ ತಾಳೆಯಾಯಿತು ಅಂದರೆ ಲೆಕ್ಕ ಸರಿ ಅಂತಲ್ಲ. ತಾಳೆಯಾಗದಿದ್ದರೆ ಮಾತ್ರ ಖಂಡಿತ ತಪ್ಪಿದೆ ಅಂತ. ಉತ್ತರ ಬರೆಯುವಾಗ ಕೈತಪ್ಪಿ 1,64,282 ಅಂತ ಬರೆದಿದ್ದರೂ ಮೊತ್ತ 23ರಲ್ಲೇ ಇರುತ್ತದೆ. ಅಂಕಿಗಳ ಜಾಗ ಬದಲಾದರೆ ಈ ಪರೀಕ್ಷೆಗೆ ಗೊತ್ತೇ ಆಗುವುದಿಲ್ಲ, ಕೂಡುವುದಕ್ಕೆ ಯಾವ ಅಂಕಿ ಎಲ್ಲಿದ್ದರೇನು? 1ರಿಂದ 9ರವರೆಗಿನ ಅಂಕಿಗಳನ್ನು ಒಂದೊಂದು ಸಲ ಬಳಸಿ ಯಾವ ಕ್ರಮದಲ್ಲಿ ಬರೆದರೂ ಬರುವ ಸಂಖ್ಯೆ 9ರಿಂದ ಭಾಗವಾಗುವುದು ಇದೇ ಕಾರಣಕ್ಕೆ. ಮಕ್ಕಳಿಗೆ ಇದು ಆಟ, ಲೆಕ್ಕ ನೋಡುವವರಿಗೆ ತಲೆನೋವು.

ತಲೆನೋವು ಅಂದೆ, ಆದರೆ ಇದೇ ಕುರುಡುತನ ನನಗೆ ಒಮ್ಮೆ ಉಪಕಾರವನ್ನೂ ಮಾಡಿದೆ. ಕೈಯಲ್ಲಿ ಬರೆದ ಉದ್ದನೆಯ ಪಟ್ಟಿಯೊಂದನ್ನು ಇನ್ನೊಂದು ಹಾಳೆಗೆ ನಕಲು ಮಾಡಿ ಎರಡನ್ನೂ ಕೂಡಿದ್ದೆ. ಎರಡು ಮೊತ್ತಕ್ಕೂ 540ರ ವ್ಯತ್ಯಾಸ. ಮತ್ತೆ ಕೂಡಿದೆ, ಮತ್ತೆ 540. ಅಂದರೆ ಕೂಡುವುದರಲ್ಲಿ ತಪ್ಪಿಲ್ಲ, ನಕಲು ಮಾಡುವುದರಲ್ಲಿ ತಪ್ಪಿದೆ. ಒಂದೊಂದೇ ಸಾಲು ಹೋಲಿಸಲು ಹೊರಟವನು 540ರ ಅಂಕಿಗಳನ್ನು ಕೂಡಿ ನೋಡಿದೆ, 9 ಬಂತು. ಆಗ ಅನಿಸಿತು, ಇದು ಅಕ್ಕಪಕ್ಕದ ಅಂಕಿಗಳು ಅದಲುಬದಲಾದದ್ದು ಇರಬೇಕು.

ಯಾಕೆ ಹಾಗನಿಸಿತು ಅಂದರೆ, ಅಂಕಿ ಅದಲುಬದಲಾದಾಗ ಅಂಕಿಗಳ ಮೊತ್ತ ಬದಲಾಗುವುದಿಲ್ಲ. ಮೊತ್ತ ಬದಲಾಗದಿದ್ದರೆ ಶೇಷವೂ ಬದಲಾಗದು. ಒಂದೇ ಶೇಷ ಇರುವ ಎರಡು ಸಂಖ್ಯೆಗಳ ವ್ಯತ್ಯಾಸ 9ರಿಂದ ಭಾಗವಾಗಲೇಬೇಕು. ಅಷ್ಟೇ ಅಲ್ಲ, ಎಲ್ಲಿ ಹುಡುಕಬೇಕು ಅನ್ನುವುದೂ 540ರಲ್ಲೇ ಇತ್ತು. ಮತ್ತೆ ಕಟ್ಟುಗಳಿಗೆ ಬನ್ನಿ. ನೂರರ ಸ್ಥಾನದ ಅಂಕಿಯೂ ಹತ್ತರ ಸ್ಥಾನದ ಅಂಕಿಯೂ ಜಾಗ ಬದಲಿಸಿದರೆ, ನೂರರ ಕೆಲವು ಕಟ್ಟುಗಳು ಹತ್ತರ ಕಟ್ಟುಗಳಾಗಿ ಕುಗ್ಗುತ್ತವೆ. ಒಂದು ಕಟ್ಟು ಕುಗ್ಗಿದರೆ 90 ಕಡ್ಡಿ ನಷ್ಟ. 540 ಅಂದರೆ 90 × 6, ಅಂದರೆ ಆರು ಕಟ್ಟು ಕುಗ್ಗಿವೆ. ಹಾಗಾಗಿ ಆ ಎರಡು ಸ್ಥಾನಗಳ ಅಂಕಿಗಳ ನಡುವೆ 6ರ ಅಂತರ ಇರುವ ಸಾಲುಗಳನ್ನು ಮಾತ್ರ ನೋಡಿದೆ. ಮೂರನೆಯದೇ ಸಿಕ್ಕಿತು. ಮೂಲದಲ್ಲಿ 1,827 ಇತ್ತು, ನಾನು 1,287 ಅಂತ ಇಳಿಸಿಕೊಂಡಿದ್ದೆ.

ಪ್ರತಿ ಸಲವೂ ಹೀಗೆ ಸಿಗುತ್ತದೆ ಅನ್ನಲಾರೆ. ವ್ಯತ್ಯಾಸ 9ರಿಂದ ಭಾಗವಾಗುವುದಕ್ಕೆ ಬೇರೆ ಕಾರಣಗಳೂ ಇವೆ. 54ರ ಬದಲು 540 ಅಂತ ಸೊನ್ನೆ ಹೆಚ್ಚು ಬಿದ್ದರೂ ವ್ಯತ್ಯಾಸ 486, ಅದೂ 9ರಿಂದ ಭಾಗವಾಗುತ್ತದೆ. 9 ಇರಬೇಕಾದ ಕಡೆ 0 ಬರೆದರೂ ಅಷ್ಟೇ. ಇನ್ನು ಸಾಲೊಂದು ಪೂರ್ತಿ ಬಿಟ್ಟುಹೋಗಿ, ಆ ಸಂಖ್ಯೆ ಅಕಸ್ಮಾತ್ 9ರಿಂದ ಭಾಗವಾಗುವಂಥದ್ದೇ ಆಗಿರಬಹುದು. ಆದರೆ ವ್ಯತ್ಯಾಸ 9ರಿಂದ ಭಾಗವಾಗದಿದ್ದರೆ, ತಪ್ಪು ಬರೀ ಅದಲುಬದಲಿನದ್ದಲ್ಲ ಅಂತ ಧೈರ್ಯವಾಗಿ ಹೇಳಬಹುದು.

ಕೊನೆಗೆ 7ರ ಪ್ರಶ್ನೆ. ಇದನ್ನು ನೀವು ಕೇಳಿದ್ದು ಒಳ್ಳೆಯದಾಯಿತು, ಒಂಬತ್ತಕ್ಕೆ ಈ ಗುಣ ಎಲ್ಲಿಂದ ಬಂತು ಅನ್ನುವುದು ಇಲ್ಲೇ ಬಯಲಾಗುವುದು.

35ನ್ನು ತೆಗೆದುಕೊಂಡು ಏಳು ಜನರಿಗೆ ಅದೇ ಆಟ ಆಡಿ. ಹತ್ತರ ಕಟ್ಟು ಮೂರು, ಬಿಡಿ ಐದು. ಕಟ್ಟಿಗೊಂದು ಕಡ್ಡಿ ಎಳೆದರೆ ಪ್ರತಿ ಕಟ್ಟಿನಲ್ಲಿ 9 ಉಳಿಯುತ್ತದೆ, ಮೂರರಿಂದ 27. ಇದು ಏಳು ಜನರಿಗೆ ಹಂಚಿಹೋಗುವುದಿಲ್ಲ, 6 ಮಿಗುತ್ತದೆ. ಪಕ್ಕಕ್ಕೆ ಇಟ್ಟದ್ದು 3 + 5 = 8, ಅದರಲ್ಲಿ 1 ಮಿಗುತ್ತದೆ. ಅಲ್ಲಿನ 6, ಇಲ್ಲಿನ 1 ಸೇರಿ 7 ಆಗಿ ಹಂಚಿಹೋಯಿತು. ಅಂಕಿಗಳ ಮೊತ್ತ 8, ಅದು 7ರಿಂದ ಭಾಗವಾಗುವುದಿಲ್ಲ, ಆದರೂ 35 ಭಾಗವಾಯಿತು. ಉಲ್ಟಾ ಕೂಡ ಹೀಗೇ: 16ರ ಅಂಕಿಗಳ ಮೊತ್ತ 7, ಆದರೆ 16 ಭಾಗವಾಗುವುದಿಲ್ಲ. 9ರಲ್ಲಿ ಕಟ್ಟುಗಳ ಕಡೆಯಿಂದ ಏನೂ ಮಿಗುವುದಿಲ್ಲ ಅಂದೆನಲ್ಲ, ಇಲ್ಲಿ ಮಿಗುತ್ತದೆ. ನಿಯಮ ಮುರಿದದ್ದು ಅಲ್ಲಿ.

ಸರಿ, ಕಟ್ಟಿಗೊಂದು ಸಾಲದಿದ್ದರೆ ಬೇಕಾದಷ್ಟು ಎಳೆಯೋಣ. ಹತ್ತರ ಕಟ್ಟಿನಿಂದ 3 ಎಳೆದರೆ 7 ಉಳಿಯುತ್ತದೆ. ನೂರರ ಕಟ್ಟಿನಿಂದ 2 ಎಳೆದರೆ 98, ಅದು 7 × 14. ಸಾವಿರದ ಕಟ್ಟಿನಿಂದ 6 ಎಳೆದರೆ 994, ಅದು 7 × 142. ಆಗ 3,852ಕ್ಕೆ ಪಕ್ಕಕ್ಕೆ ಬರುವ ಕಡ್ಡಿಗಳು 3 × 6 + 8 × 2 + 5 × 3 + 2, ಒಟ್ಟು 51. ಐವತ್ತೊಂದನ್ನು ಏಳರಿಂದ ಭಾಗಿಸಿದರೆ ಶೇಷ 2. ಇಡೀ 3,852ನ್ನು ಭಾಗಿಸಿದರೂ 2. ಹಾಗಾಗಿ 7ಕ್ಕೂ ನಿಯಮ ಇದೆ, ಆದರೆ ಪ್ರತಿ ಸ್ಥಾನಕ್ಕೂ ಬೇರೆ ಬೇರೆ ಸಂಖ್ಯೆಯಿಂದ ಗುಣಿಸಿಕೊಂಡು ಕೂಡಬೇಕು. ಬಿಡಿ ಸ್ಥಾನದಿಂದ ಎಡಕ್ಕೆ ಹೋಗುತ್ತಾ 1, 3, 2, 6, 4, 5, ಮತ್ತೆ ಮೊದಲಿಂದ. ಹೀಗೆ ಯಾವ ಸಂಖ್ಯೆಗೆ ಬೇಕಾದರೂ ನಿಯಮ ಮಾಡಿಕೊಳ್ಳಬಹುದು ಅಂತ 17ನೇ ಶತಮಾನದಲ್ಲಿ ಬ್ಲೇಸ್ ಪಾಸ್ಕಲ್ ತೋರಿಸಿಕೊಟ್ಟ. ನೆನಪಿಟ್ಟುಕೊಳ್ಳುವ ಕಷ್ಟ ನೋಡಿದರೆ ನೇರವಾಗಿ ಭಾಗಿಸುವುದೇ ವಾಸಿ.

9ಕ್ಕೆ ಮಾತ್ರ ಎಲ್ಲ ಕಟ್ಟಿಗೂ ಒಂದೇ ಕಡ್ಡಿ ಸಾಕಾಗುವುದು ನಾವು ಹತ್ತು ಹತ್ತಾಗಿ ಕಟ್ಟು ಕಟ್ಟುವುದರಿಂದ. ಹತ್ತಕ್ಕಿಂತ ಒಂದು ಕಡಿಮೆ ಒಂಬತ್ತು, ಅದರ ಹೆಚ್ಚುಗಾರಿಕೆ ಇಷ್ಟೇ. ಅದೇ ಕಾರಣಕ್ಕೆ 3ಕ್ಕೂ ಈ ನಿಯಮ ನಡೆಯುತ್ತದೆ, ಒಂಬತ್ತುಗಳ ಸಾಲು ಹಂಚಿಹೋದರೆ ಮೂರು ಜನರಿಗೂ ಹಂಚಿಹೋಗುತ್ತದೆ. ಎಂಟೆಂಟಾಗಿ ಕಟ್ಟು ಕಟ್ಟುವ ಪದ್ಧತಿಯಲ್ಲಿ ಬರೆಯುತ್ತಿದ್ದರೆ ಈ ಪಟ್ಟ 7ಕ್ಕೆ ಹೋಗುತ್ತಿತ್ತು. ನಮ್ಮ ನೂರನ್ನು ಆ ಪದ್ಧತಿಯಲ್ಲಿ 144 ಅಂತ ಬರೆಯುತ್ತಾರೆ: 64ರ ಕಟ್ಟು ಒಂದು, ಎಂಟರ ಕಟ್ಟು ನಾಲ್ಕು, ಬಿಡಿ ನಾಲ್ಕು. ಅಂಕಿಗಳ ಮೊತ್ತ 9. ಅದರಲ್ಲಿ ಏಳು ಕಳೆದರೆ 2, ನೂರನ್ನು ಏಳರಿಂದ ಭಾಗಿಸಿದರೂ ಶೇಷ 2. ಮೊತ್ತ 9 ಬಂತಲ್ಲ, 9ರಿಂದ ಭಾಗವಾಗುತ್ತಾ? ಇಲ್ಲ, ನೂರು ನೂರೇ, ಒಂದು ಮಿಗುತ್ತದೆ. ಆ ಪದ್ಧತಿಯಲ್ಲಿ ಒಂಬತ್ತು ಹತ್ತರಲ್ಲಿ ಹನ್ನೊಂದನೆಯದು.

ಮಗಳು ಮುಂದಿನ ಪ್ರಶ್ನೆ ಕೇಳುವ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಚುರುಕಾದವರು ಇದನ್ನು ಕೇಳಿಯೇ ಕೇಳುತ್ತಾರೆ: 3ಕ್ಕೆ ನಡೆಯಿತು, 9ಕ್ಕೆ ನಡೆಯಿತು, 27ಕ್ಕೂ ನಡೆಯಬೇಕಲ್ವಾ? 27ರ ಅಂಕಿಗಳ ಮೊತ್ತವೇ 9, ಅಲ್ಲೇ ಒಂದು ಕಡೆ ಕೈಕೊಟ್ಟಿತು. 1,899ರ ಮೊತ್ತ 27, ಆದರೆ ಅದನ್ನು 27ರಿಂದ ಭಾಗಿಸಿದರೆ 9 ಮಿಗುತ್ತದೆ, ಇನ್ನೊಂದು ಕಡೆಯೂ ಹೋಯಿತು. ಹತ್ತರ ಕಟ್ಟಿನಲ್ಲಿ ಉಳಿಯುವ 9 ಕಡ್ಡಿ, ನೂರರ ಕಟ್ಟಿನಲ್ಲಿ ಉಳಿಯುವ 99 ಕಡ್ಡಿ 27 ಜನರಿಗೆ ಸಮನಾಗಿ ಹಂಚಲು ಬರುವುದಿಲ್ಲ. ಆದರೆ ಸಾವಿರದ ಕಟ್ಟಿನ 999 ಹಂಚಿಹೋಗುತ್ತದೆ, ತಲಾ 37. ಹಾಗಾಗಿ ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳಾಗಿ ಕತ್ತರಿಸಿ, ಆ ತುಂಡುಗಳನ್ನು ಕೂಡಿದರೆ 27ಕ್ಕೂ ಕೆಲಸ ಆಗುತ್ತದೆ. 1,899ಕ್ಕೆ 1 + 899 = 900, ಅದನ್ನು 27ರಿಂದ ಭಾಗಿಸಿದರೆ ಮಿಗುವುದು ಅದೇ 9. ಇದೇ ತುಂಡುಗಳು 37ಕ್ಕೂ ನಡೆಯುತ್ತವೆ. ಯಾಕೆ ಅನ್ನುವುದನ್ನು ಅವಳೇ ಹೇಳಲಿ, ಕಡ್ಡಿ ಎಳೆಯುವುದು ಗೊತ್ತಾಗಿದೆಯಲ್ಲ.